ವಲೆನ್ಸಿಯಾದ ತರಕಾರಿ ಮಾರುಕಟ್ಟೆಗೆ ಒಂದು ಸ್ಪ್ಯಾನಿಷ್ ಸಂಭಾಷಣೆ ಬರೆದಿದ್ದೇನೆ, ತಿದ್ದಿಕೊಡುತ್ತೀರಾ?

ನೀಲಿಛತ್ರಿ:
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಓದಲು ಸ್ಪೇನಿನ ವಲೆನ್ಸಿಯಾಕ್ಕೆ ಹೊರಟಿದ್ದೇನೆ. ಹಾಸ್ಟೆಲ್ ಇಲ್ಲ, ನಾನೇ ಅಡುಗೆ ಮಾಡಿಕೊಳ್ಳಬೇಕು. ಸ್ಪ್ಯಾನಿಷ್ ಇನ್ನೂ ಆರಂಭದ ಹಂತದಲ್ಲಿದೆ. ಓದಿದರೆ ಅರ್ಥವಾಗುತ್ತದೆ, ಬಾಯಿ ಮಾತ್ರ ತೆರೆಯುವುದಿಲ್ಲ. ಅದಕ್ಕೆ ಗೆಳತಿಯ ಜೊತೆ ದಿನವೂ ಜೋರಾಗಿ ಆಡಿ ಅಭ್ಯಾಸ ಮಾಡಲು ತರಕಾರಿ ಅಂಗಡಿಯ ಒಂದು ಸಣ್ಣ ಸಂಭಾಷಣೆ ಬರೆದುಕೊಂಡಿದ್ದೇನೆ. ಮಾತನಾಡುವ ಅಭ್ಯಾಸವಾದ್ದರಿಂದ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ.

ವ್ಯಾಪಾರಿ: ಬ್ವೆನೊಸ್ ದಿಆಸ್. ಕೆ ದೆಸೆಆ ಉಸ್ತೆದ್?
ಗಿರಾಕಿ: ಬ್ವೆನೊಸ್ ದಿಆಸ್. ಯೊ ಕ್ಯೆರೊ ಉನ್ ಕಿಲೊ ದೆ ಟೊಮಾಟೆಸ್.
ವ್ಯಾಪಾರಿ: ಅಕಿ ತ್ಯೆನೆ.
ಗಿರಾಕಿ: ಕ್ವಾಂಟೊ ಕ್ವೆಸ್ಟಾ ಲಸ್ ಸೆಬೊಯಸ್?
ವ್ಯಾಪಾರಿ: ಉನೊ ಸೆಸೆಂಟಾ ಎಲ್ ಕಿಲೊ.
ಗಿರಾಕಿ: ಎಸ್ ಮುಯ್ ಕಾರೊ. ಉನ್ ಎಉರೊ, ಪೊರ್ ಫಾವೊರ್.
ವ್ಯಾಪಾರಿ: ವಾಲೆ.
ಗಿರಾಕಿ: ಗ್ರಾಸ್ಯಾಸ್. ಅದ್ಯೊಸ್.

ಅಂದರೆ ವ್ಯಾಪಾರಿ ಏನು ಬೇಕೆಂದು ಕೇಳುತ್ತಾನೆ, ನಾನು ಒಂದು ಕಿಲೋ ಟೊಮೆಟೊ ಕೇಳುತ್ತೇನೆ, ಈರುಳ್ಳಿಯ ದರ ವಿಚಾರಿಸುತ್ತೇನೆ. ಕಿಲೋಗೆ 1.60 ಯೂರೋ ಎಂದಾಗ ದುಬಾರಿಯಾಯಿತು, ಒಂದು ಯೂರೋಗೆ ಕೊಡಿ ಎನ್ನುತ್ತೇನೆ, ಆತ ಒಪ್ಪುತ್ತಾನೆ. ಅಲ್ಲಿಯ ಜನ ನಿಜವಾಗಿ ಹೀಗೆ ಮಾತನಾಡುತ್ತಾರೆಯೇ? ನನ್ನ ಬಾಯಿಗೆ ಒಗ್ಗುವ ಹಾಗೆ ಇದನ್ನು ಹೇಗೆ ತಿದ್ದಬಹುದು?

ಶಬ್ದಮಣಿ:
ಒಳ್ಳೆಯ ಪ್ರಯತ್ನ. ಒಂದು ದೊಡ್ಡ ತಪ್ಪಿದೆ. 'ಕ್ಯೆರೊ' ಎಂದರೆ 'ನನಗೆ ಬೇಕು' ಎಂದು ಒರಟಾಗಿ ಹೇಳಿದ ಹಾಗೆ. ಸ್ಪ್ಯಾನಿಷ್‌ನಲ್ಲಿ ಅಂಗಡಿಯವರ ಬಳಿ ಎಂದಿಗೂ ಹಾಗೆ ಹೇಳಬಾರದು, 'ಕಿಸ್ಯೆರಾ' ಎಂದೇ ಹೇಳಬೇಕು. ನಮ್ಮ ತರಗತಿಯಲ್ಲಿ ಮೊದಲ ವಾರವೇ ಇದನ್ನು ಕಲಿಸಿದರು. ಇನ್ನೊಂದು, ಈರುಳ್ಳಿ ಬಹುವಚನವಾದ್ದರಿಂದ 'ಕ್ವೆಸ್ತಾನ್' ಆಗಬೇಕು, 'ಕ್ವೆಸ್ತಾ' ಅಲ್ಲ. ಉಳಿದದ್ದೆಲ್ಲ ಸರಿಯಾಗಿದೆ.

ತುರಿಯಾದಂಡೆ:
ನೀಲಿಛತ್ರಿ ಅವರೇ, ನಾನು ವಲೆನ್ಸಿಯಾದಲ್ಲೇ ಇದ್ದೇನೆ, ಮೆರ್ಕಾದೊ ಸೆಂತ್ರಾಲ್‌ನಲ್ಲೇ ತರಕಾರಿ ಕೊಳ್ಳುತ್ತೇನೆ. 1928ರಲ್ಲಿ ತೆರೆದ ಆ ಮಾರುಕಟ್ಟೆಯ ಗುಮ್ಮಟದ ಕೆಳಗೆ ಇಂದಿಗೂ ನೂರಾರು ಮಳಿಗೆಗಳಿವೆ. ಭಾನುವಾರ ರಜೆ, ಉಳಿದ ದಿನ ಮಧ್ಯಾಹ್ನ ಮೂರಕ್ಕೆ ಮುಚ್ಚುತ್ತದೆ. ನಿಮ್ಮ ಸಂಭಾಷಣೆಯಲ್ಲಿ ವ್ಯಾಕರಣಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ಅದು ಆರಂಭವಾಗಬೇಕಾದ ಜಾಗದಲ್ಲಿ ಆರಂಭವಾಗಿಲ್ಲ, ಮತ್ತು ಏನು ಬೇಕು ಎಂಬುದನ್ನು ಬಿಟ್ಟರೆ ವ್ಯಾಪಾರಿ ನಿಮ್ಮನ್ನು ಇನ್ನೊಂದೂ ಪ್ರಶ್ನೆ ಕೇಳುವುದಿಲ್ಲ.

ಮೊದಲನೆಯದನ್ನು ಹೇಳುತ್ತೇನೆ. ಮಳಿಗೆಯ ಮುಂದೆ ಸಾಲು ಇರುವುದಿಲ್ಲ. ನಾಲ್ಕೈದು ಜನ ಅಲ್ಲಲ್ಲಿ ನಿಂತಿರುತ್ತಾರೆ, ಒಬ್ಬರು ಕಲ್ಲಂಗಡಿ ನೋಡುತ್ತಿರುತ್ತಾರೆ, ಇನ್ನೊಬ್ಬರು ಪಕ್ಕದ ಮಳಿಗೆಯವಳ ಜೊತೆ ಮಾತಿಗಿಳಿದಿರುತ್ತಾರೆ. ನೋಡಿದವರಿಗೆ ಯಾರೂ ಕಾಯುತ್ತಿಲ್ಲ ಎನಿಸುತ್ತದೆ. ಆದರೆ ಯಾರ ನಂತರ ಯಾರು ಎಂಬುದು ಅವರೆಲ್ಲರಿಗೂ ಗೊತ್ತಿರುತ್ತದೆ. ಹೊಸಬರು ಬಂದಾಗ 'ಕ್ಯೇನ್ ಎಸ್ ಎಲ್ ಊಲ್ತಿಮೊ?' ಎಂದು ಕೇಳುತ್ತಾರೆ, ಕೊನೆಯವರು ಯಾರು ಎಂದು. ಒಬ್ಬರು 'ಯೊ' ಎನ್ನುತ್ತಾರೆ. ಅಲ್ಲಿಗೆ ಅವರ ನಂತರದ ಸರದಿ ನಿಮ್ಮದು. ನಿಮ್ಮ ನಂತರ ಬಂದವರು ಕೇಳಿದಾಗ 'ಯೊ' ಎನ್ನುವ ಹೊಣೆ ನಿಮಗೆ ಬರುತ್ತದೆ. ಈ ಪ್ರಶ್ನೆ ಕೇಳದೆ ನೇರವಾಗಿ ಟೊಮೆಟೊ ಕೇಳಿದರೆ ಹಿಂದಿನಿಂದ ಒಬ್ಬ ಅಜ್ಜಿಯ ಗದರಿಕೆ ಖಂಡಿತ. ನಿಮ್ಮ ಅಭ್ಯಾಸದ ಮೊದಲ ಸಾಲು ಇದೇ ಆಗಿರಲಿ.

ಎರಡನೆಯದು, ವ್ಯಾಪಾರಿ 'ಕೆ ದೆಸೆಆ ಉಸ್ತೆದ್' ಎನ್ನುವುದನ್ನು ಮಳಿಗೆಗಳಲ್ಲಿ ನಾನು ಕೇಳಿದ್ದು ಬಹಳ ಕಡಿಮೆ. ಅವರು ಹೇಳುವುದು 'ಕೆ ಲೆ ಪೋಂಗೊ?' ಎಂದು, ನಿಮಗೆ ಏನು ಹಾಕಲಿ ಎಂದು. ನಿಮ್ಮಂತಹ ವಿದ್ಯಾರ್ಥಿಗಳಾದರೆ 'ಕೆ ತೆ ಪೋಂಗೊ?', ನಿನಗೆ ಏನು ಹಾಕಲಿ. ಅವರು ಬಳಸಿದ ಕ್ರಿಯಾಪದದಲ್ಲೇ ಉತ್ತರ ಕೊಡಿ: 'ಮೆ ಪೋನೆಸ್ ಉನ್ ಕೀಲೊ ದೆ ತೊಮಾತೆಸ್?' ಹಿರಿಯ ವ್ಯಾಪಾರಿಯ ಬಳಿ, ಅಥವಾ ಅವರು ಬಹುವಚನದಲ್ಲಿ ಮಾತನಾಡಿಸಿದರೆ, 'ಮೆ ಪೋನೆ'. ಒಂದೇ ಕ್ರಿಯಾಪದ ಕೇಳುವುದಕ್ಕೂ ಹೇಳುವುದಕ್ಕೂ ಆಗುತ್ತದೆ, ಆರಂಭದಲ್ಲಿ ಇದಕ್ಕಿಂತ ಹಗುರವಾದ ದಾರಿ ಇಲ್ಲ.

'ಯೊ' ಬಿಟ್ಟುಬಿಡಿ. ನಾವು 'ಬರುತ್ತೇನೆ' ಎಂದರೆ ಸಾಕು, ಪ್ರತಿ ಸಲ 'ನಾನು' ಬೇಕಾಗುವುದಿಲ್ಲವಲ್ಲ, ಅಲ್ಲಿಯೂ ಹಾಗೆಯೇ. ಯಾರು ಎಂಬುದನ್ನು ಕ್ರಿಯಾಪದದ ಕೊನೆಯೇ ಹೇಳುತ್ತದೆ.

ಶಬ್ದಮಣಿ ಅವರೇ, 'ಕಿಸ್ಯೆರಾ' ತಪ್ಪಲ್ಲ, ಆದರೆ ತರಕಾರಿ ಮಳಿಗೆಯಲ್ಲಿ ಅದು ತುಸು ಮಡಿಯುಟ್ಟ ಮಾತು. ಸೌಮ್ಯವಾಗಿ ಕೇಳಬೇಕೆಂದರೆ ಜನ 'ಕೆರೀಆ' ಎನ್ನುತ್ತಾರೆ. 'ಕ್ಯೆರೊ' ಎಂದರೂ ಇಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ಒರಟುತನ ಕಾಣಿಸುವುದು ಮಳಿಗೆಗೆ ಬಂದವರು 'ಬ್ವೇನೊಸ್ ದೀಆಸ್' ಹೇಳದೆ ಮಾತು ಆರಂಭಿಸಿದಾಗ.

ಶಬ್ದಮಣಿ:
ತುರಿಯಾದಂಡೆ ಅವರೇ, ನೀವು ಸ್ಪೇನಿನ ಮಾತು ಹೇಳುತ್ತಿದ್ದೀರಿ. ನಮ್ಮ ಶಿಕ್ಷಕಿ ಕೊಲಂಬಿಯಾದ ಬೊಗೋತಾದವರು. ಅಲ್ಲಿ ಅಂಗಡಿಯಲ್ಲಿ 'ಮೆ ರ್‍ರೆಗಾಲಾ' ಎಂದೂ ಕೇಳುತ್ತಾರಂತೆ. ಅಕ್ಷರಶಃ 'ನನಗೆ ಉಡುಗೊರೆ ಕೊಡುತ್ತೀರಾ' ಎಂದಾದರೂ ಹಣ ಕೊಟ್ಟೇ ಕೊಳ್ಳುವುದು. ಅಂತಹ ಊರಿನಲ್ಲಿ 'ಕ್ಯೆರೊ' ಒರಟಾಗಿಯೇ ಕೇಳುತ್ತದೆ.

ತುರಿಯಾದಂಡೆ:
ಬೊಗೋತಾಕ್ಕೆ ಅದು ಸರಿ. ಅಲ್ಲಿಯ ಮಾತು ಇಲ್ಲಿಗಿಂತ ಬಹಳ ನಯ. ಆದರೆ ವಲೆನ್ಸಿಯಾದ ಮಳಿಗೆಯಲ್ಲಿ 'ಮೆ ರ್‍ರೆಗಾಲಾಸ್' ಎಂದು ಕೇಳಿದರೆ, ಪುಕ್ಕಟೆ ಕೇಳುತ್ತಿದ್ದೀರಿ ಎಂದೇ ತಿಳಿಯುತ್ತಾರೆ. ನೀಲಿಛತ್ರಿ ಅವರು ಬರುವ ಊರಿನ ಮಾತನ್ನೇ ಮೊದಲು ಬಾಯಿಗೆ ಹತ್ತಿಸಿಕೊಳ್ಳಲಿ.

ಗ್ವಾದಲಾಹಾರಾ_ಕನ್ನಡಿಗ:
ನಾನು ಮೆಕ್ಸಿಕೋದ ಗ್ವಾದಲಾಹಾರಾದಲ್ಲಿ ಕೆಲಸ ಮಾಡುತ್ತಿದ್ದೇನೆ. ನೀಲಿಛತ್ರಿ ಅವರೇ, ಚೌಕಾಸಿಯನ್ನು ದಯವಿಟ್ಟು ತೆಗೆಯಬೇಡಿ, ಅದು ಬಹಳ ಉಪಯೋಗಕ್ಕೆ ಬರುತ್ತದೆ. ಇಲ್ಲಿಯ ವಾರದ ಸಂತೆಯಲ್ಲಿ ನಾನು 'ಕ್ವಾಂತೊ ಎಸ್ ಲೊ ಮೇನೊಸ್?' ಎಂದು ಕೇಳುತ್ತೇನೆ, ಕೊನೆಯ ಬೆಲೆ ಎಷ್ಟು ಎಂದು. ದರ ಕೇಳುವುದು 'ಆ ಕೋಮೊ?' ಎಂಬ ಎರಡು ಮಾತಿನಲ್ಲಿ. ತೂಕದ ಮೇಲೆ ಒಂದು ಹಿಡಿ ಸೇರಿಸಿ ಕೊಡುವುದೂ ಇದೆ. ನಮ್ಮ ಕೊಸರಿಗೆ ಇವರು 'ಪಿಲೋನ್' ಎನ್ನುತ್ತಾರೆ. ಕೆಂಪು ಟೊಮೆಟೊ ಬೇಕಾದರೆ 'ಹಿತೊಮಾತೆ' ಎಂದು ಕೇಳಿ. 'ತೊಮಾತೆ' ಎಂದರೆ ಸಿಪ್ಪೆ ಸುತ್ತಿದ ಹಸಿರು ಕಾಯಿ ಬರುತ್ತದೆ. ನಾನು ಮೊದಲ ವಾರ ಅದರಲ್ಲೇ ಸಾರು ಮಾಡಿದೆ, ವಿಪರೀತ ಹುಳಿ.

ತುರಿಯಾದಂಡೆ:
ಕನ್ನಡಿಗರೇ, ನಿಮ್ಮ ಊರಿಗೆ ಅದೆಲ್ಲ ಸರಿ. ಇಲ್ಲಿ ಮಾತ್ರ ಚೌಕಾಸಿ ನಡೆಯುವುದಿಲ್ಲ. ಪ್ರತಿ ಬುಟ್ಟಿಯ ಮೇಲೂ ದರದ ಫಲಕ ಇರುತ್ತದೆ, ಅದೇ ಕೊನೆಯ ಮಾತು. ನೀಲಿಛತ್ರಿ ಅವರು ಬರೆದ ಹಾಗೆ 'ದುಬಾರಿ, ಒಂದು ಯೂರೋಗೆ ಕೊಡಿ' ಎಂದರೆ ವ್ಯಾಪಾರಿ 'ವಾಲೆ' ಎನ್ನುವುದಿಲ್ಲ, ಮುಂದಿನ ಗಿರಾಕಿಯ ಕಡೆ ತಿರುಗುತ್ತಾನೆ. ಹಾಗೆಂದು ಕೊಸರು ಇಲ್ಲವೇ ಇಲ್ಲ ಎಂದಲ್ಲ. ಕೇಳದೆಯೇ ಒಂದು ಹಿಡಿ ಪೆರೆಹೀಲ್ ಸೊಪ್ಪನ್ನು ಚೀಲದ ಮೇಲೆ ಇಟ್ಟು ಕೊಡುವ ವ್ಯಾಪಾರಿಗಳಿದ್ದಾರೆ, ಹೆಚ್ಚಾಗಿ ಪರಿಚಯದ ಗಿರಾಕಿಗಳಿಗೆ.

ದರ ಕೇಳುವುದಕ್ಕೆ 'ಕ್ವೇಸ್ತಾನ್' ಸಾಕಾಗುತ್ತದೆ. ತರಕಾರಿಗೆ ಹೆಚ್ಚು ಒಪ್ಪುವುದು 'ಆ ಕ್ವಾಂತೊ ಎಸ್ತಾನ್ ಲಾಸ್ ಸೆಬೋಯಾಸ್?' ಎಂಬ ರೂಪ. ದಿನದಿನಕ್ಕೆ ಏರಿಳಿಯುವ ಬೆಲೆಯನ್ನು ಕೇಳುವ ಬಗೆ ಇದು. ಉತ್ತರವೂ 'ಆ' ಇಂದಲೇ ಆರಂಭವಾಗುತ್ತದೆ: 'ಆ ಊನೊ ಸೆಸೇಂತಾ'. 1.60 ಎಂದರ್ಥ. ಇಲ್ಲಿ ಒಂದು ಗುಂಡಿ ಇದೆ. ಸೆಸೇಂತಾ ಅರವತ್ತು, ಸೆತೇಂತಾ ಎಪ್ಪತ್ತು. ನಡುವಿನ ಒಂದೇ ವ್ಯಂಜನದ ವ್ಯತ್ಯಾಸ. ಗದ್ದಲದಲ್ಲಿ ಎರಡೂ ಒಂದೇ ಕೇಳುತ್ತವೆ. ಅನುಮಾನ ಬಂದರೆ 'ಸೆಸೇಂತಾ ಒ ಸೆತೇಂತಾ?' ಎಂದು ತಿರುಗಿ ಕೇಳಿ, ಇಲ್ಲಿಯವರೇ ಹಾಗೆ ಕೇಳುವುದುಂಟು.

ಅಡುಗೆಮನೆ_ಕಿಟಕಿ:
ವಲೆನ್ಸಿಯಾದಲ್ಲಿ ಕೊತ್ತಂಬರಿ ಸೊಪ್ಪು, ನುಗ್ಗೆಕಾಯಿ, ಹಸಿಮೆಣಸಿನಕಾಯಿ ಸಿಗುತ್ತವೆಯೇ? ನನ್ನ ಮಗನೂ ಮುಂದಿನ ವರ್ಷ ಅಲ್ಲಿಗೇ ಬರುವವನಿದ್ದಾನೆ. ಊಟದ್ದೇ ಚಿಂತೆ. ಒಣಗಿಸಿದ ಸೊಪ್ಪು ಕಟ್ಟಿ ಕಳುಹಿಸಿದರೆ ವಿಮಾನದಲ್ಲಿ ಬಿಡುತ್ತಾರೆಯೇ?

ತುರಿಯಾದಂಡೆ:
ಅಮ್ಮಾ, ಇಲ್ಲಿ ನಾವು ಮಾತನಾಡುತ್ತಿರುವುದು ಭಾಷೆಯ ಅಭ್ಯಾಸದ ಬಗ್ಗೆ. ಆದರೂ ನಿಮ್ಮ ಪ್ರಶ್ನೆ ಸಂಭಾಷಣೆಗೆ ನೇರವಾಗಿ ಬೇಕಾದದ್ದೇ. ಕೊತ್ತಂಬರಿಗೆ 'ಸಿಲಾಂತ್ರೊ' ಎನ್ನುತ್ತಾರೆ, ಸಿಗುತ್ತದೆ, ಎಲ್ಲ ಮಳಿಗೆಯಲ್ಲೂ ಅಲ್ಲ. ಪೆರೆಹೀಲ್ ಎಂಬ ಸೊಪ್ಪು ನೋಡಲು ಥೇಟ್ ಅದೇ ಥರ ಇರುತ್ತದೆ. ಹೆಸರು ಹೇಳದೆ ಬೆರಳು ತೋರಿಸಿ ತಂದವರು ಮನೆಯಲ್ಲಿ ಕೈಯಲ್ಲಿ ಹಿಸುಕಿ ಮೂಸಿದಾಗಲೇ ಅದು ಕೊತ್ತಂಬರಿಯಲ್ಲ ಎಂದು ತಿಳಿಯುವುದು. ಮೆಣಸಿನಕಾಯಿಯಲ್ಲೂ ಹೀಗೆ. 'ಪಿಮ್ಯೇಂತೊ ಬೇರ್ದೆ' ಎಂದರೆ ಖಾರವಿಲ್ಲದ ದಪ್ಪ ಮೆಣಸಿನಕಾಯಿ, ಖಾರದ್ದು 'ಗಿಂದೀಯಾ'. ಅನುಮಾನವಿದ್ದರೆ 'ಪೀಕಾ?' ಎಂದು ಒಂದೇ ಮಾತು ಕೇಳಿದರೆ ಸಾಕು, ಖಾರವೇ ಎಂದು. ನುಗ್ಗೆಕಾಯಿಯನ್ನು ಈ ಮಳಿಗೆಗಳಲ್ಲಿ ನಾನು ಕಂಡಿಲ್ಲ. ವಿಮಾನದ ಪ್ರಶ್ನೆಗೆ ದಯವಿಟ್ಟು ಬೇರೆ ಎಳೆ ಆರಂಭಿಸಿ, ಗೊತ್ತಿರುವವರು ಉತ್ತರಿಸುತ್ತಾರೆ.

ಇನ್ನೊಂದು ಮಾತು ಮಗನಿಗೂ ಹೇಳಿ. ಇಲ್ಲಿ ತರಕಾರಿಯನ್ನು ನಾವೇ ಆರಿಸಿ, ಒತ್ತಿ ನೋಡಿ ಬುಟ್ಟಿಗೆ ಹಾಕಿಕೊಳ್ಳುವ ಹಾಗಿಲ್ಲ. 'ನೊ ತೊಕಾರ್' ಎಂಬ ಚೀಟಿಯನ್ನೇ ಅಂಟಿಸಿರುತ್ತಾರೆ, ಮುಟ್ಟಬೇಡಿ ಎಂದು. ನಮಗೆ ಬೆಂಡೆಕಾಯಿಯ ತುದಿ ಮುರಿದು ನೋಡುವುದು ರೂಢಿಯಲ್ಲವೇ. ಇಲ್ಲಿ ಆರಿಸುವವನು ವ್ಯಾಪಾರಿ, ನಾವು ಬಾಯಲ್ಲಿ ಹೇಳಬೇಕು. ಆದ್ದರಿಂದಲೇ ವ್ಯಾಪಾರಿ ನಮ್ಮನ್ನು ಇಷ್ಟು ಪ್ರಶ್ನೆ ಕೇಳುವುದು.

ನೀಲಿಛತ್ರಿ:
ಕೈಯಿಂದ ಮುಟ್ಟುವ ಹಾಗಿಲ್ಲ ಎಂಬುದು ಗೊತ್ತೇ ಇರಲಿಲ್ಲ. ಹಾಗಾದರೆ ವ್ಯಾಪಾರಿ ಏನೇನು ಕೇಳಬಹುದು?

ತುರಿಯಾದಂಡೆ:
ಟೊಮೆಟೊ ಕೇಳಿದರೆ 'ಪಾರಾ ಎನ್ಸಾಲಾದಾ ಒ ಪಾರಾ ಸಾಲ್ಸಾ?' ಎನ್ನುತ್ತಾನೆ. ಹಸಿಯಾಗಿ ಹೆಚ್ಚಿ ತಿನ್ನುವುದಕ್ಕೋ, ಬೇಯಿಸಿ ಗೊಜ್ಜು ಮಾಡುವುದಕ್ಕೋ ಎಂದು. ಮೊದಲನೆಯದಕ್ಕೆ ಗಟ್ಟಿ ಹಣ್ಣು ಕೊಡುತ್ತಾನೆ, ಎರಡನೆಯದಕ್ಕೆ ಮೆತ್ತಗಾದದ್ದು. ಕರಬೂಜ, ಬೆಣ್ಣೆಹಣ್ಣು ಕೇಳಿದರೆ 'ಪಾರಾ ಓಯ್ ಒ ಪಾರಾ ಮಾನ್ಯಾನಾ?', ಇವತ್ತಿಗೋ ನಾಳೆಗೋ. ನಂತರ 'ಆಲ್ಗೊ ಮಾಸ್?', ಇನ್ನೇನಾದರೂ ಬೇಕೇ. ಕೇಳಿದ್ದು ಮುಗಿದುಹೋಗಿದ್ದರೆ 'ನೊ ಮೆ ಕೇದಾನ್'. ಕೊನೆಗೆ ಚೀಲ ಬೇಕೇ ಎಂದು, 'ಕ್ಯೇರೆಸ್ ಬೋಲ್ಸಾ?' 2018ರ ಜುಲೈನಿಂದ ಸ್ಪೇನಿನಲ್ಲಿ ಹಿಡಿಕೆಯ ಪ್ಲಾಸ್ಟಿಕ್ ಚೀಲವನ್ನು ಪುಕ್ಕಟೆ ಕೊಡುವ ಹಾಗಿಲ್ಲ. ತೂಕ ಮಾಡಿ ಹಾಕುವ ತೆಳುವಾದ ಚೀಲಕ್ಕೆ ವಿನಾಯಿತಿ ಇದೆ. ಹಾಗಾಗಿ ಬಟ್ಟೆಯ ಚೀಲ ಒಯ್ಯಿರಿ, 'ನೊ, ಗ್ರಾಸ್ಯಾಸ್' ಎನ್ನಿ.

ನನ್ನ ಸಲಹೆ ಇದು. ನೀವಿಬ್ಬರೂ ಬರೆದದ್ದನ್ನು ಬಾಯಿಪಾಠ ಮಾಡಿ ಒಪ್ಪಿಸಬೇಡಿ. ವ್ಯಾಪಾರಿಯ ಪಾತ್ರದ ಗೆಳತಿ ಒಂದು ಚೀಟಿಯಲ್ಲಿ ಗುಟ್ಟಾಗಿ ಎರಡು ಸಂಗತಿ ಬರೆದುಕೊಳ್ಳಲಿ. ಇವತ್ತು ಯಾವ ತರಕಾರಿ ಮುಗಿದಿದೆ, ಯಾವುದರ ದರ ಬದಲಾಗಿದೆ ಎಂದು. ಆಗ ನೀವು ಕಿವಿಗೊಟ್ಟು ಕೇಳಲೇಬೇಕಾಗುತ್ತದೆ. ಸಿದ್ಧ ಸಂಭಾಷಣೆ ಕಲಿತವರು ಮಾರುಕಟ್ಟೆಯಲ್ಲಿ ನಿಂತುಬಿಡುವುದು ಅವರ ಸಾಲು ಮರೆತದ್ದರಿಂದಲ್ಲ, ಎದುರಿನವರು ಬೇರೆ ಸಾಲು ಹೇಳಿದ್ದರಿಂದ.

ಹಳೇಮೇಷ್ಟ್ರು:
ನಿವೃತ್ತ ಭಾಷಾ ಶಿಕ್ಷಕ ನಾನು. ಉಚ್ಚಾರಣೆಯ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮಗೂ, ನೀನು ಟೊಮಾಟೆಸ್, ಕ್ವಾಂಟೊ, ಕ್ವೆಸ್ಟಾ ಎಂದು 'ಟ' ಬಳಸಿರುವೆ. ಇಂಗ್ಲಿಷಿನ ದಾರಿಯಲ್ಲಿ ಬಂದ ಪದಗಳಿಗೆಲ್ಲ ನಾವು 'ಟ', 'ಡ' ಹಾಕಿ ರೂಢಿ. ಸ್ಪ್ಯಾನಿಷ್‌ನಲ್ಲಿ ನಾಲಿಗೆ ಹಲ್ಲನ್ನೇ ಮುಟ್ಟುತ್ತದೆ, ನಮ್ಮ 'ತ', 'ದ' ಹಾಗೆ. ತೊಮಾತೆಸ್, ಪಾತಾತಾಸ್ ಎಂದು ಹೇಳು. ಇಂಗ್ಲಿಷರು ತಿಂಗಳುಗಟ್ಟಲೆ ಒದ್ದಾಡುವ ಈ ಅಕ್ಷರ ನಮಗೆ ಹುಟ್ಟಿನಿಂದಲೇ ಬಂದಿದೆ. 'ಪ' ಮತ್ತು 'ಕ' ಕೂಡ ನಮ್ಮ ಹಾಗೆಯೇ ಉಸಿರಿಲ್ಲದೆ ಬರುತ್ತವೆ.

ನಮಗೆ ಕಷ್ಟವಾಗುವುದು ಬೇರೆ ಕಡೆ. ಪದದ ಆರಂಭದಲ್ಲಿ 'ಎ' ಬಂದರೆ ನಮ್ಮ ಬಾಯಲ್ಲಿ 'ಯೆ' ಆಗುತ್ತದೆ, 'ಒ' ಬಂದರೆ 'ವೊ'. 'ಎಲೆ' ಎನ್ನುವುದನ್ನು 'ಯೆಲೆ' ಎನ್ನುತ್ತೇವಲ್ಲ, ಅದೇ. ಇದರಿಂದ 'ಎಸ್ತಾನ್' ಎನ್ನುವುದು 'ಯೆಸ್ತಾನ್' ಆಗುತ್ತದೆ, 'ಓಲಾ' ಎನ್ನುವುದು 'ವೋಲಾ'. ಪದದ ಕೊನೆಯ ವ್ಯಂಜನಕ್ಕೆ ಒಂದು 'ಉ' ಸೇರಿಸುವುದೂ ನಮ್ಮ ರೂಢಿ, 'ಗ್ರಾಸ್ಯಾಸು', 'ತೊಮಾತೆಸು'. ಮೊಬೈಲ್‌ನಲ್ಲಿ ನಿನ್ನ ಧ್ವನಿ ಮುದ್ರಿಸಿ ಕೇಳು, ಆಗ ನಿನಗೇ ತಿಳಿಯುತ್ತದೆ.

ಶಬ್ದಮಣಿ:
ಮೇಷ್ಟ್ರೇ, ಒತ್ತಿನ ಬಗ್ಗೆ ಏನು ಮಾಡುವುದು? ಸ್ಪ್ಯಾನಿಷ್‌ನಲ್ಲಿ ಪ್ರತಿ ಪದದಲ್ಲೂ ಒಂದು ಉಚ್ಚಾರಾಂಶ ಎದ್ದು ಕೇಳಿಸಬೇಕು. ನನ್ನದೊಂದು ಉಪಾಯವಿದೆ. ಒತ್ತು ಬೀಳುವಲ್ಲಿ ದೀರ್ಘ, ಉಳಿದೆಡೆ ಹ್ರಸ್ವ ಬರೆದರೆ ಕನ್ನಡ ಲಿಪಿಯಲ್ಲೇ ಒತ್ತು ಗೊತ್ತಾಗುತ್ತದೆ. 'ಕೀಲೊ', 'ಮೇದ್ಯೊ', 'ಸೆಬೋಯಸ್', 'ಪತಾತಸ್'.

ಹಳೇಮೇಷ್ಟ್ರು:
ಅರ್ಧ ಕೆಲಸ ಆಗುತ್ತದೆ. ಇ, ಉ, ಎ, ಒ ಇವುಗಳಿಗೆ ನಿಮ್ಮ ಉಪಾಯ ಚೆನ್ನಾಗಿದೆ. 'ಅ'ಕಾರದಲ್ಲಿ ಸೋಲುತ್ತದೆ. ನಮ್ಮ ಹ್ರಸ್ವ 'ಅ' ಬಾಯಿ ಅರೆ ಮುಚ್ಚಿ ಹೇಳುವ ಸ್ವರ. ಅವರ 'ಆ' ಒತ್ತಿದ್ದರೂ ಇಲ್ಲದಿದ್ದರೂ ಬಾಯಿ ತೆರೆದೇ ಹೇಳುವುದು. 'ಪತಾತಸ್' ಎಂದು ಬರೆದರೆ ಮೊದಲ ಮತ್ತು ಕೊನೆಯ ಸ್ವರ ಮಂಕಾಗುತ್ತವೆ. ಅದನ್ನು 'ಪಾತಾತಾಸ್' ಎಂದೇ ಬರೆದು, ನಡುವಿನ 'ತಾ' ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳಬೇಕು. ಹೇಳುವಾಗ ಮೂರನ್ನೂ ಎಳೆಯಬಾರದು, ಎಲ್ಲವೂ ಗಿಡ್ಡವಾಗಿ, ನಡುವಿನದು ಮಾತ್ರ ತುಸು ಜೋರಾಗಿ. ಒತ್ತು ತಪ್ಪಿದರೆ ಅರ್ಥವೇ ಬದಲಾಗಬಹುದು. ಗ್ವಾದಲಾಹಾರಾದವರನ್ನು ಕೇಳಿ, ಆಲೂಗಡ್ಡೆಗೆ ಅವರೇನು ಹೇಳುತ್ತಾರೆ ಎಂದು.

ಗ್ವಾದಲಾಹಾರಾ_ಕನ್ನಡಿಗ:
ಇಲ್ಲಿ ಪಾತಾತಾ ಎನ್ನುವುದಿಲ್ಲ, 'ಪಾಪಾ' ಎನ್ನುತ್ತಾರೆ. ಮೊದಲ 'ಪಾ' ಜೋರಾದರೆ ಆಲೂಗಡ್ಡೆ, ಎರಡನೆಯದು ಜೋರಾದರೆ ಅಪ್ಪ. ಮಳಿಗೆಯಲ್ಲಿ ನಿಂತು ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಆದರೂ ಸರಿಯಾಗಿ ಹೇಳಿದಾಗ ವ್ಯಾಪಾರಿ ಎರಡನೆಯ ಸಲ ಕೇಳುವುದಿಲ್ಲ. ಇನ್ನೊಂದು ಪ್ರಶ್ನೆ, 'ಸೆಬೋಯಾ', 'ಗ್ರಾಸ್ಯಾಸ್' ಇವುಗಳಲ್ಲಿ 'ಸ' ಸರಿಯೇ? ನನಗೆ ಇಲ್ಲಿ 'ಸ' ಕೇಳಿ ಅಭ್ಯಾಸ. ಸ್ಪೇನಿನವರದ್ದು ಬೇರೆ ಅಲ್ಲವೇ?

ತುರಿಯಾದಂಡೆ:
ಬೇರೆಯೇ. ವಲೆನ್ಸಿಯಾದಲ್ಲಿ ಆ ಎರಡು ಪದಗಳಲ್ಲೂ ನಾಲಿಗೆಯ ತುದಿ ಹಲ್ಲುಗಳ ನಡುವೆ ಬಂದು ಗಾಳಿ ಸೋರುತ್ತದೆ. ಅದಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ, 'ಥ' ಎಂದು ಬರೆದರೆ ತಪ್ಪಾಗಿಯೇ ಓದುತ್ತೇವೆ. ಆರಂಭದಲ್ಲಿ 'ಸ' ಎನ್ನುವುದರಿಂದ ನಷ್ಟವಿಲ್ಲ ಎಂಬುದು ನನ್ನ ಅಭಿಪ್ರಾಯ. ಲ್ಯಾಟಿನ್ ಅಮೆರಿಕದಿಂದ ಬಂದು ಇಲ್ಲಿ ನೆಲೆಸಿದವರೆಲ್ಲ ಹಾಗೆಯೇ ಮಾತನಾಡುತ್ತಾರೆ, ಯಾರಿಗೂ ತೊಡಕಾಗುವುದಿಲ್ಲ.

ಹಳೇಮೇಷ್ಟ್ರು:
ಇದನ್ನು ನಾನು ಒಪ್ಪುವುದಿಲ್ಲ. ಆ ಊರಿಗೆ ಹೋಗುವವಳು ಆ ಊರಿನ ಧ್ವನಿಯನ್ನೇ ಮೊದಲ ದಿನದಿಂದ ಕಲಿಯಲಿ. ಆಮೇಲೆ ಬದಲಿಸುವುದು ಕಷ್ಟ. ಅವಳು ಹೇಳದಿದ್ದರೂ ಕಿವಿಗಾದರೂ ಅದರ ಪರಿಚಯ ಬೇಕು. ಇಲ್ಲವಾದರೆ ವ್ಯಾಪಾರಿ 'ಸೀಂಕೊ' ಎಂದಾಗ ಅದು ಐದು ಎಂದು ತಿಳಿಯುವುದೇ ಇಲ್ಲ.

ತುರಿಯಾದಂಡೆ:
ಕಿವಿಯ ಮಾತು ಒಪ್ಪುತ್ತೇನೆ ಮೇಷ್ಟ್ರೇ. ನಾಲಿಗೆಯದ್ದನ್ನು ನೀಲಿಛತ್ರಿ ಅವರೇ ನಿರ್ಧರಿಸಲಿ.

ನೀಲಿಛತ್ರಿ:
ಎಲ್ಲವನ್ನೂ ಸೇರಿಸಿ ಮತ್ತೆ ಬರೆದಿದ್ದೇನೆ. ಗೆಳತಿಯ ಗುಟ್ಟಿನ ಚೀಟಿಯಲ್ಲಿ ಇವತ್ತು ಸಿಲಾಂತ್ರೊ ಮುಗಿದಿತ್ತು. ಹುರುಳಿಕಾಯಿ ಸ್ವಲ್ಪವೇ ಸಾಕು ಎಂದು, ಎಲ್ಲೋ ಓದಿದ 'ಕ್ವಾರ್ತೊ ಇ ಮಿತಾದ್' ಎಂಬ ಅಳತೆಯನ್ನೂ ಬಳಸಿದ್ದೇನೆ.

ನಾನು: ಬ್ವೇನೊಸ್ ದೀಆಸ್. ಕ್ಯೇನ್ ಎಸ್ ಎಲ್ ಊಲ್ತಿಮೊ?
ಅಜ್ಜಿ: ಯೊ.
(ಅಜ್ಜಿಯ ಸರದಿ ಮುಗಿದ ಮೇಲೆ)
ವ್ಯಾಪಾರಿ: ಕೆ ತೆ ಪೋಂಗೊ?
ನಾನು: ಮೆ ಪೋನೆಸ್ ಉನ್ ಕೀಲೊ ದೆ ತೊಮಾತೆಸ್, ಪೊರ್ ಫಾಬೋರ್?
ವ್ಯಾಪಾರಿ: ಪಾರಾ ಎನ್ಸಾಲಾದಾ ಒ ಪಾರಾ ಸಾಲ್ಸಾ?
ನಾನು: ಪಾರಾ ಸಾಲ್ಸಾ.
ವ್ಯಾಪಾರಿ: ಆಲ್ಗೊ ಮಾಸ್?
ನಾನು: ಸೀ. ಆ ಕ್ವಾಂತೊ ಎಸ್ತಾನ್ ಲಾಸ್ ಸೆಬೋಯಾಸ್?
ವ್ಯಾಪಾರಿ: ಆ ಊನೊ ಸೆಸೇಂತಾ.
ನಾನು: ಸೆಸೇಂತಾ ಒ ಸೆತೇಂತಾ?
ವ್ಯಾಪಾರಿ: ಸೆಸೇಂತಾ.
ನಾನು: ಮೇದ್ಯೊ ಕೀಲೊ. ಇ ಕ್ವಾರ್ತೊ ಇ ಮಿತಾದ್ ದೆ ಹುದೀಆಸ್ ಬೇರ್ದೆಸ್. ತ್ಯೇನೆಸ್ ಸಿಲಾಂತ್ರೊ?
ವ್ಯಾಪಾರಿ: ನೊ ಮೆ ಕೇದಾ. ಪೆರೆಹೀಲ್, ಸೀ.
ನಾನು: ನೊ, ಗ್ರಾಸ್ಯಾಸ್. ನಾದಾ ಮಾಸ್. ಕ್ವಾಂತೊ ಎಸ್?

ಟೊಮೆಟೊ ಕಿಲೋಗೆ 2.50, ಹುರುಳಿಕಾಯಿ ಕಿಲೋಗೆ 6 ಯೂರೋ ಎಂದು ಇಟ್ಟುಕೊಂಡಿದ್ದೇವೆ. ಟೊಮೆಟೊ 2.50, ಅರ್ಧ ಕಿಲೋ ಈರುಳ್ಳಿ 0.80, ಹುರುಳಿಕಾಯಿ ಕಾಲು ಮತ್ತು ಅರ್ಧ ಸೇರಿ ಮುಕ್ಕಾಲು ಕಿಲೋಗೆ 4.50. ಒಟ್ಟು 7.80. ಸರಿಯೇ?

ತುರಿಯಾದಂಡೆ:
ಓದುತ್ತಾ ಹೋದಂತೆ ಮಳಿಗೆಯ ಮುಂದೆಯೇ ನಿಂತ ಹಾಗಾಯಿತು. ಲೆಕ್ಕ ಮಾತ್ರ ತಪ್ಪಿದೆ. 'ಕ್ವಾರ್ತೊ ಇ ಮಿತಾದ್' ಎಂದರೆ ಮುಕ್ಕಾಲು ಅಲ್ಲ. ಕಾಲು ಕಿಲೋ, ಅದರ ಮೇಲೆ ಆ ಕಾಲಿನ ಅರ್ಧ. 250ಕ್ಕೆ 125 ಸೇರಿ 375 ಗ್ರಾಂ. 'ಕೀಲೊ ಇ ಮೇದ್ಯೊ' ಎಂದರೆ ಒಂದೂವರೆ ಕಿಲೋ ಆಗುವುದರಿಂದ ಇದನ್ನೂ ಹಾಗೆಯೇ ಕೂಡಿಸಬೇಕೆಂದು ತೋರುತ್ತದೆ. ಇದು ಹೆಚ್ಚಾಗಿ ಹಿರಿಯರ ಬಾಯಲ್ಲಿ, ಮಾಂಸ ಮತ್ತು ಚೀಸ್ ಮಳಿಗೆಗಳಲ್ಲಿ ಕೇಳಿಬರುವ ಅಳತೆ. ನಿಮಗೆ ಮುಕ್ಕಾಲು ಕಿಲೋ ಬೇಕಾದರೆ 'ತ್ರೆಸ್ ಕ್ವಾರ್ತೊಸ್' ಎನ್ನಿ.

ಹಾಗಾಗಿ ಹುರುಳಿಕಾಯಿಗೆ 2.25, ಒಟ್ಟು 5.55. ವ್ಯಾಪಾರಿ 'ಸೀಂಕೊ ಸಿಂಕ್ವೇಂತಾ ಇ ಸೀಂಕೊ' ಎನ್ನುತ್ತಾನೆ. ನೀವು ಹತ್ತರ ನೋಟು ಕೊಟ್ಟರೆ 4.45 ಹಿಂತಿರುಗುತ್ತದೆ: 'ಕ್ವಾತ್ರೊ ಕ್ವಾರೇಂತಾ ಇ ಸೀಂಕೊ'. ಈ ಎರಡು ಸಾಲನ್ನು ಗೆಳತಿ ವೇಗವಾಗಿ ಹೇಳಲಿ, ನೀವು ಅಂಕಿಯಲ್ಲಿ ಬರೆಯಿರಿ. ಮೇಷ್ಟ್ರು ಹೇಳಿದ ಕಿವಿಯ ಅಭ್ಯಾಸಕ್ಕೆ ಇದೇ ಸಾಕಷ್ಟು. ಅರ್ಥವಾಗದಿದ್ದರೆ 'ಮಾಸ್ ದೆಸ್ಪಾಸ್ಯೊ, ಪೊರ್ ಫಾಬೋರ್', ಸ್ವಲ್ಪ ನಿಧಾನ ಎಂದು.

ಫಲಕಗಳ ಬಗ್ಗೆಯೂ ಒಂದು ಮಾತು. ಇಲ್ಲಿ ವಲೆನ್ಸಿಯಾದ ಭಾಷೆಯೂ ನಡೆಯುತ್ತದೆ, ಕೆಲವು ಫಲಕಗಳು ಅದರಲ್ಲೇ ಇರುತ್ತವೆ. ಆಲೂಗಡ್ಡೆಗೆ ಪಾತಾತಾ ಎಂದು ಕಾಣದಿದ್ದರೆ ಗಾಬರಿಯಾಗಬೇಡಿ. ಮಳಿಗೆಯವರು 'ಬೊನ್ ದೀಆ' ಎಂದು ಸ್ವಾಗತಿಸಿದರೆ ನೀವೂ ಅದನ್ನೇ ಹೇಳಿ, ಮುಂದಿನದನ್ನು ಸ್ಪ್ಯಾನಿಷ್‌ನಲ್ಲಿ ಮುಂದುವರಿಸಿ.

ನೀಲಿಛತ್ರಿ:
375 ಗ್ರಾಂ ಎಂದು ಬರೆದುಕೊಂಡೆ. ಇವತ್ತು ರಾತ್ರಿ ಚೀಟಿ ಬದಲಿಸಿ ಮತ್ತೆ ಆಡುತ್ತೇವೆ. ನಾನು ವ್ಯಾಪಾರಿಯಾಗುತ್ತೇನೆ, ಗೆಳತಿ ಗಿರಾಕಿ.

ಗ್ವಾದಲಾಹಾರಾ_ಕನ್ನಡಿಗ:
ಇದೇ ಸಂಭಾಷಣೆಯನ್ನು ಹಿತೊಮಾತೆ, ಪಾಪಾ, ಪಿಲೋನ್ ಹಾಕಿ ಇಲ್ಲಿಯ ಮಾತಿಗೆ ಬದಲಿಸಿ ಬರೆಯುತ್ತೇನೆ, ಭಾನುವಾರದ ಸಂತೆ ಮುಗಿಯಲಿ. ನಮ್ಮ ವ್ಯಾಪಾರಿ 'ಕೆ ತೆ ಪೋಂಗೊ' ಎನ್ನುವುದಿಲ್ಲ, 'ಕೆ ಬಾ ಆ ಯೆಬಾರ್' ಎನ್ನುತ್ತಾನೆ, ಏನು ಒಯ್ಯುತ್ತೀರಿ ಎಂದು. ಹಾಗಾಗಿ ಉತ್ತರವೂ ಬದಲಾಗುತ್ತದೆ, 'ಮೆ ದಾ ಉನ್ ಕೀಲೊ'.

ಶಬ್ದಮಣಿ:
ಹಣ ಕೊಡುವ ಸಾಲು ಬಿಟ್ಟುಹೋಗಿದೆ. 'ಎಫೆಕ್ತೀಬೊ ಒ ತಾರ್ಹೇತಾ' ಎಂದು ಕೇಳುತ್ತಾರಲ್ಲವೇ, ನಗದೋ ಕಾರ್ಡೋ ಎಂದು?

ತುರಿಯಾದಂಡೆ:
ಹೌದು, ಅದನ್ನು ಸೇರಿಸಿ. ಕಾರ್ಡ್ ಕೊಡುವುದಾದರೆ ಮೊದಲೇ 'ಕೋನ್ ತಾರ್ಹೇತಾ' ಎಂದು ಹೇಳುವುದು ಒಳ್ಳೆಯದು. ಕೆಲವು ಮಳಿಗೆಯವರು ಸಣ್ಣ ಮೊತ್ತಕ್ಕೆ ನಗದನ್ನೇ ಬಯಸುತ್ತಾರೆ. ತೂಕ ಮುಗಿದರೂ ಅವರು ನಿಮ್ಮ ಕಡೆ ನೋಡದಿದ್ದರೆ 'ಮೆ ಕೋಬ್ರಾಸ್?' ಎನ್ನಿ, ನನ್ನ ಲೆಕ್ಕ ಮಾಡುತ್ತೀರಾ ಎಂದು.